ಕಣ್ಣಿಗೆ ಕಾಣುವ 113, ಎಕ್ಸೆಲ್‌ಗೆ ಕಾಣದ 113

ಬಟವಾಡೆಯ ಹಿಂದಿನ ರಾತ್ರಿ ಒಂಬತ್ತೂವರೆಗೆ ನಮ್ಮೂರ ಹಾಲಿನ ಡೇರಿಯ ಸೆಕ್ರೆಟರಿ ಫೋನ್ ಮಾಡಿದರು. "ಸಾರ್, ಎಕ್ಸೆಲ್ ಕೆಟ್ಟೋಗಿದೆ. ಹೋದ ಸಲ ಸರಿಯಾಗೇ ಬಂದಿತ್ತು. ಈ ಸಲ ಅರ್ಧಕ್ಕರ್ಧ ಜನರ ಹೆಸರೇ ಬರ್ತಿಲ್ಲ."

ಹೆಸರಿನ ಜಾಗದಲ್ಲಿ ಏನು ಬರುತ್ತಿದೆ ಎಂದು ಕೇಳಿದೆ.

"ಅದೇನೋ ಎರರ್ರು ಸಾರ್. ಫೋಟೋ ಕಳಿಸ್ತೀನಿ ನೋಡಿ."

ಫೋಟೋ ಬಂತು. ಮಾನಿಟರ್ ಓರೆಯಾಗಿ, ಟ್ಯೂಬ್‌ಲೈಟಿನ ಬೆಳಕು ಅಡ್ಡಲಾಗಿ, ನಡುವೆ ಸಾಲುಸಾಲಾಗಿ `#N/A`. ಫಾರ್ಮುಲಾ ಕಾಣಬೇಕಾದ ಮೇಲಿನ ಪಟ್ಟಿ ಫೋಟೋದಿಂದ ಹೊರಗೆ. ಕಾಲಂಗಳ ಅಕ್ಷರ, ಸಾಲುಗಳ ಸಂಖ್ಯೆ ಕೂಡ ಹೊರಗೆ. ಹೊಟ್ಟೆನೋವು ಅಂತ ಬಂದವನು ಮುಖದ ಫೋಟೋ ಕೊಟ್ಟ ಹಾಗಿತ್ತು. ಆ ರಾತ್ರಿ ತೊಂದರೆ ಸರಿಪಡಿಸಲು ಹಿಡಿದದ್ದು ಇಪ್ಪತ್ತು ನಿಮಿಷ. ಶೀಟಿನಲ್ಲಿ ಏನು ಎಲ್ಲಿದೆ ಎಂದು ಫೋನಿನಲ್ಲಿ ತಿಳಿದುಕೊಳ್ಳಲು ಒಂದು ಗಂಟೆ. ಈ ಲೇಖನ ಎರಡರ ಬಗ್ಗೆಯೂ.

ಮೊದಲು ಆ ಎಕ್ಸೆಲ್ ಕಡತದ ಸ್ವರೂಪ. ಅದರಲ್ಲಿ ಎರಡು ಶೀಟುಗಳಿದ್ದವು. ಒಂದರ ಹೆಸರು `Members`: ಸಂಘದ 140 ಸದಸ್ಯರ ಪಟ್ಟಿ. ಮೊದಲ ಸಾಲು ತಲೆಬರಹ. 2ನೇ ಸಾಲಿನಿಂದ 141ರವರೆಗೆ ಸದಸ್ಯರು. A ಕಾಲಂನಲ್ಲಿ ಸದಸ್ಯ ಸಂಖ್ಯೆ, B ಯಲ್ಲಿ ಹೆಸರು, C ಯಲ್ಲಿ ಬ್ಯಾಂಕ್ ಖಾತೆ ಸಂಖ್ಯೆ. ಇನ್ನೊಂದು `Milk`: ಹಾಲು ಅಳೆಯುವ ಯಂತ್ರದಿಂದ ಹದಿನೈದು ದಿನಕ್ಕೊಮ್ಮೆ ತೆಗೆದ ಲೆಕ್ಕ. ಅದರ A ಯಲ್ಲಿ ಸದಸ್ಯ ಸಂಖ್ಯೆ, B ಯಲ್ಲಿ ಒಟ್ಟು ಲೀಟರು. ಯಂತ್ರಕ್ಕೆ ಸಂಖ್ಯೆ ಗೊತ್ತೇ ಹೊರತು ಹೆಸರು ಗೊತ್ತಿಲ್ಲ. ಹಾಗಾಗಿ C ಯಲ್ಲಿ ಹೆಸರನ್ನೂ D ಯಲ್ಲಿ ಖಾತೆಯನ್ನೂ `Members` ಶೀಟಿನಿಂದ ಹುಡುಕಿ ತರಬೇಕು. ಅದಕ್ಕೆ C2 ಸೆಲ್ಲಿನಲ್ಲಿ ಹಾಕಿದ್ದ ಫಾರ್ಮುಲಾ ಇದು:

```
=VLOOKUP(A2,Members!A2:C141,2,FALSE)
```

ಬಿಡಿಸಿ ಓದಿದರೆ ಇದರಲ್ಲಿ ಕಷ್ಟವೇನಿಲ್ಲ. A2ರಲ್ಲಿರುವ ಸಂಖ್ಯೆಯನ್ನು ತೆಗೆದುಕೋ. `Members` ಶೀಟಿನ A2ರಿಂದ C141ರವರೆಗಿನ ಚೌಕದ ಮೊದಲನೇ ಕಾಲಂನಲ್ಲಿ ಅದನ್ನು ಮೇಲಿಂದ ಕೆಳಗೆ ಹುಡುಕು. ಸಿಕ್ಕಿದ ಸಾಲಿನಲ್ಲಿ ಎರಡನೇ ಕಾಲಂ ನೋಡಿ ಹೇಳು. ಕೊನೆಯ `FALSE` ಎಂದರೆ, ಹತ್ತಿರದ್ದು ಬೇಡ, ತದ್ವತ್ ಅದೇ ಬೇಕು. ಗ್ರಂಥಾಲಯದ ಸಹಾಯಕನಿಗೆ ಚೀಟಿ ಕೊಟ್ಟು ಪುಸ್ತಕ ತರಿಸಿದ ಹಾಗೆ. ಅವನು ಹುಡುಕಿ ಬಂದು "ಆ ನಂಬರಿನದು ಇಲ್ಲ" ಅಂದರೆ, ಅದೇ `#N/A`. ಇಂಗ್ಲಿಷಿನ ನಾಟ್ ಅವೈಲಬಲ್ ಎಂಬುದರ ಮೊಟಕು ರೂಪ.

ಎಕ್ಸೆಲ್ ಬೇರೆ ದೂರುಗಳನ್ನೂ ಹೇಳುತ್ತದೆ, ಅವುಗಳ ಅರ್ಥ ಬೇರೆ. ಫಾರ್ಮುಲಾದ ಹೆಸರಿನ ಕಾಗುಣಿತ ತಪ್ಪಿದರೆ `#NAME?`. ಮೂರು ಕಾಲಂನ ಚೌಕ ಕೊಟ್ಟು ನಾಲ್ಕನೇ ಕಾಲಂ ತಾ ಅಂದರೆ `#REF!`. ಇವು ಫಾರ್ಮುಲಾ ಬರೆದವರ ತಪ್ಪುಗಳು. `#N/A` ಹಾಗಲ್ಲ. ಫಾರ್ಮುಲಾ ಅರ್ಥವಾಯಿತು, ಹುಡುಕಾಟ ನಡೆಯಿತು, ಕೊಟ್ಟ ಜಾಗದಲ್ಲಿ ಕೊಟ್ಟ ವಸ್ತು ಸಿಗಲಿಲ್ಲ ಎಂದು ಅದು ಹೇಳುತ್ತಿದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡೇ. ನಾವು ತೋರಿಸಿದ್ದು ಸರಿಯಾದ ಜಾಗವೇ? ನಾವು ಕೊಟ್ಟದ್ದೂ ಅಲ್ಲಿರುವುದೂ ನಿಜಕ್ಕೂ ಒಂದೇ ವಸ್ತುವೇ?

ಸೆಕ್ರೆಟರಿ ಇವೆರಡಕ್ಕೂ ಹೌದು ಎಂದು ಆಣೆ ಮಾಡುವವರಿದ್ದರು. "ಒಂಬತ್ತನೇ ನಂಬರು ಲಿಸ್ಟಲ್ಲಿ ಕಣ್ಣೆದುರಿಗೇ ಇದೆ ಸಾರ್. ಕಂಟ್ರೋಲ್ ಎಫ್ ಒತ್ತಿದರೆ ಸಿಗುತ್ತೆ. ಫಾರ್ಮುಲಾಕ್ಕೆ ಮಾತ್ರ ಸಿಗಲ್ಲ ಅಂದ್ರೆ ಹೆಂಗೆ?"

ಒಂಬತ್ತನೇ ಸದಸ್ಯರು `Milk` ಶೀಟಿನ ಎಷ್ಟನೇ ಸಾಲಿನಲ್ಲಿದ್ದಾರೆ ಎಂದು ಕೇಳಿದೆ. 60ನೇ ಸಾಲು. C60 ಮೇಲೆ ಕ್ಲಿಕ್ ಮಾಡಿ, ಮೇಲಿನ ಪಟ್ಟಿಯಲ್ಲಿ ಕಾಣುವ ಫಾರ್ಮುಲಾವನ್ನು ಅಕ್ಷರ ಬಿಡದೆ ಓದಿ ಅಂದೆ. ಓದಿದರು:

```
=VLOOKUP(A60,Members!A60:C199,2,FALSE)
```

ಇಲ್ಲಿ ಸಿಕ್ಕಿತು ಮೊದಲ ಕಳ್ಳ. C2ರಲ್ಲಿ ಬರೆದ ಫಾರ್ಮುಲಾವನ್ನು ಕೆಳಗೆ ಎಳೆದಾಗ A2 ಎಂಬುದು A3, A4 ಎಂದು ಬದಲಾಗುತ್ತ ಹೋಗುವುದು ನಮಗೆ ಬೇಕಾದದ್ದೇ. ಆದರೆ ಹುಡುಕುವ ಚೌಕವೂ ಜತೆಯಲ್ಲೇ ಜಾರುತ್ತದೆ. 60ನೇ ಸಾಲಿಗೆ ಬರುವಷ್ಟರಲ್ಲಿ ಚೌಕದ ತಲೆ 60ಕ್ಕೆ ಇಳಿದಿದೆ, ಬಾಲ 199ರಲ್ಲಿದೆ. ಒಂಬತ್ತನೇ ಸದಸ್ಯರು ಇರುವುದು `Members` ಶೀಟಿನ 10ನೇ ಸಾಲಿನಲ್ಲಿ. ಅವರು ಚೌಕದ ಹೊರಗಾದರು. ಕಂಟ್ರೋಲ್ ಎಫ್ ಇಡೀ ಶೀಟನ್ನು ಹುಡುಕುತ್ತದೆ, ಫಾರ್ಮುಲಾ ತನಗೆ ತೋರಿಸಿದಷ್ಟನ್ನು ಮಾತ್ರ.

ಹಾಗಾದರೆ ಹೋದ ಬಟವಾಡೆಯಲ್ಲಿ ಇದೇ ಫಾರ್ಮುಲಾ ಸರಿಯಾಗಿ ನಡೆದದ್ದು ಹೇಗೆ? ಈ ಪ್ರಶ್ನೆ ನನ್ನನ್ನೂ ಸ್ವಲ್ಪ ಹೊತ್ತು ಕಾಡಿತು. ಉತ್ತರ ಸೊಗಸಾಗಿದೆ. ಯಂತ್ರ ಕೊಡುತ್ತಿದ್ದ ಪಟ್ಟಿ ಸದಸ್ಯ ಸಂಖ್ಯೆಯ ಏರಿಕೆಯ ಕ್ರಮದಲ್ಲಿರುತ್ತಿತ್ತು, `Members` ಪಟ್ಟಿಯೂ ಅದೇ ಕ್ರಮದಲ್ಲಿತ್ತು. ಎಲ್ಲ ಸದಸ್ಯರೂ ಹಾಲು ಹಾಕುವುದಿಲ್ಲವಾದ್ದರಿಂದ ಹಾಲಿನ ಪಟ್ಟಿ ಯಾವಾಗಲೂ ಸದಸ್ಯರ ಪಟ್ಟಿಗಿಂತ ಗಿಡ್ಡ. ಹಾಗಾಗಿ ಹಾಲಿನ ಪಟ್ಟಿಯ 60ನೇ ಸಾಲಿನಲ್ಲಿರುವವರು ಸದಸ್ಯರ ಪಟ್ಟಿಯಲ್ಲಿ 60ನೇ ಸಾಲಿನಲ್ಲೋ ಅದಕ್ಕಿಂತ ಕೆಳಗೋ ಇರಲೇಬೇಕು. ಚೌಕ ಜಾರುತ್ತಿದ್ದರೂ ಹುಡುಕುವ ವ್ಯಕ್ತಿ ಅದಕ್ಕಿಂತ ಮುಂದೆಯೇ ಜಾರುತ್ತಿದ್ದರು. ತಪ್ಪು ಮೊದಲ ದಿನದಿಂದಲೂ ಇತ್ತು, ಹೊರಬೀಳಲು ಅವಕಾಶ ಸಿಕ್ಕಿರಲಿಲ್ಲ. ಈ ಸಲ ಅಧ್ಯಕ್ಷರು ಹೆಚ್ಚು ಹಾಲು ಹಾಕಿದವರು ಯಾರೆಂದು ನೋಡಬೇಕು ಅಂದರಂತೆ. ಸೆಕ್ರೆಟರಿ ಲೀಟರಿನ ಇಳಿಕೆಯ ಕ್ರಮಕ್ಕೆ ಪಟ್ಟಿ ಜೋಡಿಸಿ, ಆಮೇಲೆ ಫಾರ್ಮುಲಾ ಹಾಕಿ ಎಳೆದಿದ್ದರು. 120 ಸಾಲುಗಳಲ್ಲಿ 66 ಕಡೆ `#N/A`.

ಮೇಲಿನ ಸಾಲುಗಳಲ್ಲಿ ಉತ್ತರ ಬಂದು, ಕೆಳಗೆ ಹೋದಂತೆ `#N/A` ದಟ್ಟವಾಗುತ್ತಿದ್ದರೆ ಚೌಕ ಜಾರಿದೆ ಎಂದು ಸಂದೇಹಪಡಬಹುದು. ಜಾರದಂತೆ ಮೊಳೆ ಹೊಡೆಯುವ ಗುರುತು ಡಾಲರ್ ಚಿಹ್ನೆ. ಫಾರ್ಮುಲಾದಲ್ಲಿ ಚೌಕದ ವಿಳಾಸವನ್ನು ಆಯ್ದು F4 ಒತ್ತಿದರೆ ಅದು ತಾನೇ ಕೂರುತ್ತದೆ:

```
=VLOOKUP(A2,Members!$A$2:$C$141,2,FALSE)
```

ಮತ್ತೆ ಕೆಳಗೆ ಎಳೆಸಿದೆ. 66 ಇದ್ದದ್ದು 25ಕ್ಕೆ ಇಳಿಯಿತು. ಸೆಕ್ರೆಟರಿಗೆ ಸಂತೋಷ, ನನಗೆ ಅನುಮಾನ. ಒಂದೇ ತಪ್ಪಾಗಿದ್ದರೆ ಎಲ್ಲವೂ ಹೋಗಬೇಕಿತ್ತು. ಉಳಿದ 25 ಸಂಖ್ಯೆಗಳನ್ನು ಓದಿ ಅಂದೆ. 118, 126, 113, 139... ಎಲ್ಲವೂ 113 ಅಥವಾ ಅದಕ್ಕಿಂತ ಮೇಲಿನವು. ನೂರಹದಿಮೂರನೇ ಸದಸ್ಯರಿಂದಾಚೆಗೆ ಏನು ನಡೆಯಿತು?

"ಪಕ್ಕದ ಹಟ್ಟಿಯವರು ಸಾರ್. ಹೋದ ತಿಂಗಳು ಸೇರಿದರು. ಇಪ್ಪತ್ತೆಂಟು ಜನ. ಅವರ ಲಿಸ್ಟು ಬೇರೆ ಸಾಫ್ಟ್‌ವೇರಿಂದ ಬಂದಿತ್ತು, ಕಾಪಿ ಮಾಡಿ ಪೇಸ್ಟ್ ಮಾಡಿದೆ."

ಅಲ್ಲಿಗೆ ಎರಡನೇ ಕಳ್ಳನ ಮನೆ ವಿಳಾಸವೂ ಸಿಕ್ಕಿತು. `#N/A` ಬಗ್ಗೆ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಎಕ್ಸೆಲ್‌ಗೆ 113 ಎಂಬ ಸಂಖ್ಯೆ ಬೇರೆ, 1, 1, 3 ಎಂಬ ಮೂರು ಅಕ್ಷರಗಳ ಬರಹ ಬೇರೆ. ಮೊದಲನೆಯದನ್ನು ಕೂಡಬಹುದು, ಕಳೆಯಬಹುದು. ಎರಡನೆಯದು ಹೆಸರಿನ ಹಾಗೆ, ಬರೀ ಅಕ್ಷರ. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. `VLOOKUP` ಮಾತ್ರ ಇವೆರಡನ್ನು ಎಂದೂ ಒಂದೆಂದು ಒಪ್ಪುವುದಿಲ್ಲ. ಹಳೆಯ 112 ಸದಸ್ಯರ ಸಂಖ್ಯೆಯನ್ನು ಸೆಕ್ರೆಟರಿ ಕೈಯಾರೆ ಟೈಪ್ ಮಾಡಿದ್ದರು, ಎಕ್ಸೆಲ್ ಅವನ್ನು ಸಂಖ್ಯೆಗಳಾಗಿ ಇಟ್ಟುಕೊಂಡಿತ್ತು. ಯಂತ್ರದಿಂದ ಬಂದವೂ ಸಂಖ್ಯೆಗಳೇ. ಪೇಸ್ಟ್ ಮಾಡಿದ 28 ಮಾತ್ರ ಬರಹವಾಗಿ ಬಂದು ಕೂತಿದ್ದವು.

ಎಕ್ಸೆಲ್ ಇದನ್ನು ಪೂರ್ತಿ ಮುಚ್ಚಿಡುವುದಿಲ್ಲ. ಸಂಖ್ಯೆ ಸೆಲ್ಲಿನ ಬಲಕ್ಕೆ ಒತ್ತಿ ನಿಲ್ಲುತ್ತದೆ, ಬರಹ ಎಡಕ್ಕೆ. ಬರಹವಾಗಿರುವ ಸಂಖ್ಯೆಯ ಸೆಲ್ಲಿನ ಮೂಲೆಯಲ್ಲಿ ಹಸಿರು ತ್ರಿಕೋನವೊಂದು ಮೂಡುತ್ತದೆ. ಆದರೆ ನಮ್ಮ ಸೆಕ್ರೆಟರಿ ಶೀಟು ಚೆಂದ ಕಾಣಲಿ ಎಂದು ಇಡೀ ಕಾಲಂ ಅನ್ನು ನಡುವಿಗೆ ಜೋಡಿಸಿದ್ದರು. ಹಸಿರು ಚುಕ್ಕೆಗಳು ಕಣ್ಣಿಗೆ ಚುಚ್ಚುತ್ತವೆ ಎಂದು ಅವನ್ನೂ ಕಡೆಗಣಿಸು ಅಂದಿದ್ದರು. ಅಲಂಕಾರ ಮಾಡುವ ಭರದಲ್ಲಿ ಇದ್ದ ಎರಡು ಸುಳಿವುಗಳನ್ನೂ ಒರೆಸಿ ಹಾಕಿದ್ದರು. ಹಾಗಾಗಿ ಕಣ್ಣನ್ನು ನಂಬದೆ ಎಕ್ಸೆಲ್ಲನ್ನೇ ಕೇಳಬೇಕಾಯಿತು. ಖಾಲಿ ಇದ್ದ ಎರಡು ಸೆಲ್ಲುಗಳಲ್ಲಿ ಇವನ್ನು ಟೈಪ್ ಮಾಡಿಸಿದೆ:

```
=ISNUMBER(Members!A113)
=ISNUMBER(Members!A114)
```

112ನೇ ಸದಸ್ಯರಿರುವ ಮೊದಲನೆಯದಕ್ಕೆ `TRUE` ಬಂತು, 113ನೆಯವರಿರುವ ಎರಡನೆಯದಕ್ಕೆ `FALSE`. ಎರಡು ಸೆಲ್ಲುಗಳ ನಡುವಿನ ಗೆರೆಯೇ ಗಡಿ.

ಇಲ್ಲಿ ಅನೇಕರು ಸುಸ್ತಾಗುವ ಒಂದು ಜಾಗವಿದೆ. ಸೆಲ್ಲಿನ ಫಾರ್ಮ್ಯಾಟ್ ಅನ್ನು ಬರಹದಿಂದ ಸಂಖ್ಯೆಗೆ ಬದಲಾಯಿಸಿದರೆ ಸಾಕು ಎಂದುಕೊಳ್ಳುತ್ತಾರೆ, ಬದಲಾಯಿಸುತ್ತಾರೆ, ಏನೂ ಆಗುವುದಿಲ್ಲ. ಫಾರ್ಮ್ಯಾಟ್ ಎಂಬುದು ಡಬ್ಬಿಯ ಮೇಲಿನ ಚೀಟಿ. ಚೀಟಿ ಬದಲಿಸಿದ ಮಾತ್ರಕ್ಕೆ ಒಳಗಿನ ಉಪ್ಪು ಸಕ್ಕರೆಯಾಗುವುದಿಲ್ಲ. ಪ್ರತಿ ಸೆಲ್ಲಿಗೂ ಹೋಗಿ F2 ಒತ್ತಿ ಎಂಟರ್ ಕೊಟ್ಟರೆ ಆಗ ಬದಲಾಗುತ್ತದೆ, ಆದರೆ ಅದು 28 ಸಲದ ಕೆಲಸ. ಒಂದೇ ಏಟಿಗೆ ಆಗಬೇಕೆಂದರೆ A ಕಾಲಂ ಆಯ್ದು, `Data` ಪಟ್ಟಿಯಲ್ಲಿರುವ `Text to Columns` ತೆರೆದು, ಏನನ್ನೂ ಮುಟ್ಟದೆ ನೇರವಾಗಿ `Finish` ಒತ್ತಬೇಕು. ಆ ಸಾಧನ ಇರುವುದು ಬೇರೆ ಕೆಲಸಕ್ಕೆ, ಆದರೆ ಕಾಲಂನ ಪ್ರತಿ ಸೆಲ್ಲನ್ನೂ ಮತ್ತೊಮ್ಮೆ ಓದಿ ಬರೆಯುವುದರಿಂದ ಸಂಖ್ಯೆಯಂತಿರುವ ಬರಹವೆಲ್ಲ ಸಂಖ್ಯೆಯಾಗುತ್ತದೆ.

ಒಂದು ಎಚ್ಚರಿಕೆಯನ್ನು ಆಗಲೇ ಹೇಳಿದೆ, ಇಲ್ಲೂ ಹೇಳುತ್ತೇನೆ. ಇದನ್ನು ಖಾತೆ ಸಂಖ್ಯೆಯ ಕಾಲಂಗೆ ಅಪ್ಪಿತಪ್ಪಿಯೂ ಮಾಡಬಾರದು. ಎಕ್ಸೆಲ್ ಒಂದು ಸಂಖ್ಯೆಯ ಮೊದಲ 15 ಅಂಕಿಗಳನ್ನು ಮಾತ್ರ ಕಾಪಾಡುತ್ತದೆ, ಹದಿನಾರನೆಯದರಿಂದ ಮುಂದಿನವು ಸೊನ್ನೆಯಾಗುತ್ತವೆ. ಮುಂದಿರುವ ಸೊನ್ನೆಗಳಂತೂ ಉದುರಿಯೇ ಹೋಗುತ್ತವೆ. ಖಾತೆ ಸಂಖ್ಯೆಯನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಅದು ಬರಹವಾಗಿಯೇ ಇರಲಿ.

A ಕಾಲಂ ಸಂಖ್ಯೆಯಾಯಿತು. 25ರಲ್ಲಿ ಉಳಿದದ್ದು ಎರಡು: 131 ಮತ್ತು 141.

131ನೆಯವರು ಪಟ್ಟಿಯಲ್ಲಿದ್ದಾರೆ, `Members` ಶೀಟಿನ 132ನೇ ಸಾಲು. ಆದರೂ ಆ ಸೆಲ್ಲು ಸಂಖ್ಯೆಯಾಗಲು ಒಪ್ಪಿಲ್ಲ. ಹೀಗಾದಾಗ ನಾನು ಮೊದಲು ಅಕ್ಷರ ಎಣಿಸುತ್ತೇನೆ. `=LEN(Members!A132)` ಎಂದು ಕೇಳಿದರೆ 3 ಬರಬೇಕು. ಬಂದದ್ದು 4. ಮೂರು ಅಂಕಿಗಳ ಹಿಂದೆ ಕಣ್ಣಿಗೆ ಕಾಣದ ಇನ್ನೊಂದು ಏನೋ ಅಂಟಿಕೊಂಡಿದೆ. ಅದು ಏನೆಂದೂ ಕೇಳಬಹುದು:

```
=UNICODE(RIGHT(Members!A132,1))
```

ಕೀಲಿಮಣೆಯ ಉದ್ದ ಕೀಲಿಯಿಂದ ಬರುವ ಸಾಮಾನ್ಯ ಖಾಲಿ ಜಾಗವಾಗಿದ್ದರೆ ಉತ್ತರ 32. ಇಲ್ಲಿ ಬಂದದ್ದು 160. ಅದೂ ಖಾಲಿ ಜಾಗವೇ, ಆದರೆ ಜಾಲತಾಣಗಳಲ್ಲಿ ಎರಡು ಪದಗಳು ಬೇರೆ ಬೇರೆ ಸಾಲಿಗೆ ಒಡೆಯದಿರಲಿ ಎಂದು ಬಳಸುವ ಜಾತಿಯದು. ಆ ಒಬ್ಬರ ವಿವರವನ್ನು ಸೆಕ್ರೆಟರಿ ಬ್ರೌಸರಿನ ಪುಟವೊಂದರಿಂದ ಎತ್ತಿ ತಂದಿದ್ದರಂತೆ. ಖಾಲಿ ಜಾಗ ತೆಗೆಯಲೆಂದೇ ಇರುವ `TRIM` ಸಹ 160ನ್ನು ಮುಟ್ಟುವುದಿಲ್ಲ, ಅದಕ್ಕೆ 32 ಮಾತ್ರ ಗೊತ್ತು. "ಟ್ರಿಮ್ ಹಾಕಿದೆ, ಆದರೂ ಹೋಗಲಿಲ್ಲ" ಎಂದು ಯಾರಾದರೂ ಅಂದರೆ ಹೆಚ್ಚಾಗಿ ಇದೇ ಸಂಗತಿ. ನೂರಾರು ಸೆಲ್ಲುಗಳಲ್ಲಿ ಇದ್ದರೆ ಪಕ್ಕದ ಕಾಲಂನಲ್ಲಿ ಹೀಗೆ ತೊಳೆಯಬಹುದು:

```
=VALUE(SUBSTITUTE(A132,UNICHAR(160),""))
```

ನಮಗಿದ್ದದ್ದು ಒಂದೇ ಸೆಲ್ಲು. ಅಳಿಸಿ 131 ಎಂದು ಕೈಯಾರೆ ಬರೆದದ್ದಾಯಿತು.

ಹೆಸರಿನಿಂದ ಹುಡುಕುವವರಿಗೆ ಕನ್ನಡದಲ್ಲಿ ಇದರ ಅಣ್ಣನಂಥ ತೊಂದರೆಯೊಂದಿದೆ. ಹಳೆಯ ಶೀಟುಗಳಲ್ಲಿ ಹೆಸರುಗಳು ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಫಾಂಟಿನಲ್ಲಿರುತ್ತವೆ, ಹೊಸವು ಯೂನಿಕೋಡಿನಲ್ಲಿ. ಶೀಟಿನಲ್ಲಿ ಎರಡೂ ಕನ್ನಡವಾಗಿಯೇ ಕಾಣುತ್ತವೆ. ಆದರೆ ಹಳೆಯದರ ಒಳಗಿರುವುದು ಇಂಗ್ಲಿಷ್ ಮತ್ತಿತರ ಲ್ಯಾಟಿನ್ ಅಕ್ಷರಗಳು, ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕಿರುತ್ತದೆ. ಆ ಸೆಲ್ಲಿನ ಮೇಲೆ ಕ್ಲಿಕ್ ಮಾಡಿ ಫಾರ್ಮುಲಾ ಪಟ್ಟಿ ನೋಡಿದರೆ ವೇಷ ಕಳಚುತ್ತದೆ: ಅಲ್ಲಿ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ. ಇಂಥ ಎರಡು ಹೆಸರುಗಳನ್ನು ಯಾವ ಫಾರ್ಮುಲಾವೂ ತಾಳೆ ಮಾಡಲಾರದು, ಮೊದಲು ಹಳೆಯದನ್ನು ಯೂನಿಕೋಡಿಗೆ ಬದಲಾಯಿಸಬೇಕು. ನನ್ನನ್ನು ಕೇಳಿದರೆ ಹೆಸರಿನಿಂದ ಹುಡುಕುವುದೇ ತಪ್ಪು. ಒಂದು ಊರಿನಲ್ಲಿ ಎಷ್ಟು ಮಂಜುನಾಥರು, ಅವರಲ್ಲಿ ಎಷ್ಟು ಮಂದಿಗೆ ಇನಿಷಿಯಲ್ ಹಿಂದೆ, ಎಷ್ಟು ಮಂದಿಗೆ ಮುಂದೆ!

ಉಳಿದದ್ದು 141. ಅದರ ಕಥೆಗೆ ಬರುವ ಮೊದಲು, ಆ ರಾತ್ರಿ ನನಗೆ ಫೋನ್ ಬರುವುದಕ್ಕೂ ಮುಂಚೆ ನಡೆದಿದ್ದ ಎರಡು ಚಿಕಿತ್ಸೆಗಳ ವಿಷಯ ಹೇಳಬೇಕು. ನಿಜವಾದ ಅಪಾಯ ಇದ್ದದ್ದು ಅವುಗಳಲ್ಲಿ.

ಮೊದಲನೆಯದು ಸೆಕ್ರೆಟರಿಯ ಮಗನದು. ಕಾಲೇಜು ಹುಡುಗ, ಎಕ್ಸೆಲ್ ಕಲಿತಿದ್ದಾನೆ. ಅವನು ಫಾರ್ಮುಲಾದ ಸುತ್ತ `IFERROR` ಹೊದಿಸಿ, ತಪ್ಪು ಬಂದರೆ ಖಾಲಿ ತೋರಿಸು ಎಂದು ಬರೆದಿದ್ದ. `#N/A` ಎಲ್ಲ ಮಾಯವಾದವು. 66 ಹೆಸರುಗಳೂ ಮಾಯವಾಗಿಯೇ ಇದ್ದವು. `IFERROR` ಎಲ್ಲ ಬಗೆಯ ತಪ್ಪುಗಳನ್ನೂ ಒಂದೇ ಕಂಬಳಿಯಡಿ ಮುಚ್ಚುತ್ತದೆ, ಕಾಗುಣಿತ ತಪ್ಪಿದ್ದರೂ ಗೊತ್ತಾಗುವುದಿಲ್ಲ. ಕಾರಣ ತಿಳಿದು ಸರಿಪಡಿಸಿದ ಮೇಲೆ, ನಿಜಕ್ಕೂ ಪಟ್ಟಿಯಲ್ಲಿಲ್ಲದವರಿಗಾಗಿ ಏನಾದರೂ ಬರೆಯಬೇಕೆಂದರೆ `#N/A` ಒಂದನ್ನೇ ಹಿಡಿಯುವ `IFNA` ಇದೆ. ಆಗಲೂ ಖಾಲಿ ಬಿಡದೆ "ಪಟ್ಟಿಯಲ್ಲಿಲ್ಲ" ಎಂದು ಬರೆಸುವುದು ಮೇಲು.

ಎರಡನೆಯದು ಇನ್ನೂ ಕೆಟ್ಟದ್ದು. ಯಾರೋ ಗೆಳೆಯರು `FALSE` ತೆಗೆದು ನೋಡಿ ಅಂದಿದ್ದರಂತೆ. ಅದನ್ನು ತೆಗೆದರೆ `VLOOKUP` ತದ್ವತ್ ಹುಡುಕುವುದನ್ನು ಬಿಟ್ಟು, ಪಟ್ಟಿ ಏರಿಕೆಯ ಕ್ರಮದಲ್ಲಿದೆ ಎಂದು ನಂಬಿಕೊಂಡು, ಕೇಳಿದ್ದಕ್ಕಿಂತ ದೊಡ್ಡದಲ್ಲದ, ಇರುವುದರಲ್ಲಿ ಅತಿ ದೊಡ್ಡದನ್ನು ತಂದುಕೊಡುತ್ತದೆ. ಅಂಕಗಳಿಗೆ ದರ್ಜೆ ಕೊಡುವಂಥ ಕೆಲಸಕ್ಕೆ ಇದು ಸರಿ: 72 ಅಂಕಕ್ಕೆ 60ರಿಂದ ಶುರುವಾಗುವ ದರ್ಜೆ ಬೇಕು. ಸದಸ್ಯ ಸಂಖ್ಯೆಗೆ ಇದು ವಿಷ. ನಾವು ಸರಿಪಡಿಸಿದ ಪಟ್ಟಿಯಲ್ಲೇ `FALSE` ತೆಗೆದು 141ನ್ನು ಕೇಳಿದರೆ ಏನಾಗುತ್ತದೆ? ಪಟ್ಟಿಯ ಕೊನೆಯವರು 140. ಎಕ್ಸೆಲ್ ಯಾವ ಎಗ್ಗೂ ಇಲ್ಲದೆ 140ನೆಯವರ ಹೆಸರು ತರುತ್ತದೆ, D ಕಾಲಂನಲ್ಲಿ ಅವರ ಖಾತೆ ಸಂಖ್ಯೆಯನ್ನೂ ತರುತ್ತದೆ. ಒಬ್ಬರ ಹಾಲು, ಇನ್ನೊಬ್ಬರ ಖಾತೆಗೆ ದುಡ್ಡು. `#N/A` ಬಂದಿದ್ದರೆ ಬೆಳಿಗ್ಗೆಯೇ ಗೊತ್ತಾಗುತ್ತಿತ್ತು. ಇದು ಗೊತ್ತಾಗುವುದು ಜಗಳವಾದ ಮೇಲೆ.

ಎಕ್ಸೆಲ್ 2021 ಅಥವಾ ಮೈಕ್ರೋಸಾಫ್ಟ್ 365 ಇದ್ದವರಿಗೆ `XLOOKUP` ಎಂಬ ಹೊಸದು ಸಿಗುತ್ತದೆ. ಅದು ಏನೂ ಹೇಳದಿದ್ದರೂ ತದ್ವತ್ತಾದದ್ದನ್ನೇ ಹುಡುಕುತ್ತದೆ, ಕಾಲಂ ಎಣಿಸುವ ಗೋಜೂ ಇಲ್ಲ. ಆದರೆ ಸಂಖ್ಯೆ ಮತ್ತು ಬರಹದ ಜಗಳಕ್ಕೆ, ಅಂಟಿಕೊಂಡ 160ಕ್ಕೆ, ಜಾರುವ ಚೌಕಕ್ಕೆ ಅದರಲ್ಲೂ ಮದ್ದಿಲ್ಲ. ಡೇರಿಯ ಕಂಪ್ಯೂಟರಿನಲ್ಲಿದ್ದದ್ದು 2016ರ ಎಕ್ಸೆಲ್, ಅದರಲ್ಲಿ `XLOOKUP` ಬರೆದರೆ `#NAME?` ಬರುತ್ತದೆ ಅಷ್ಟೇ.

ಈಗ ಆ ಒಂದು ಗಂಟೆಯ ವಿಷಯ. ಎಕ್ಸೆಲ್ ತಿಳಿದವರೊಬ್ಬರು ಎಲ್ಲ ಊರಿನಲ್ಲೂ ಇರುತ್ತಾರೆ: ಬ್ಯಾಂಕಿನವರು, ಶಾಲೆಯ ಮೇಷ್ಟರು, ಬೆಂಗಳೂರಿನಲ್ಲಿರುವ ಅಕ್ಕನ ಮಗ. ಅವರು ನಿಮ್ಮ ಶೀಟನ್ನು ನೋಡುತ್ತಿಲ್ಲ. "ವಿಲುಕಪ್ ವರ್ಕ್ ಆಗ್ತಿಲ್ಲ" ಎಂಬ ಮಾತಿನಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಅದೇ ರಾತ್ರಿ ಸೆಕ್ರೆಟರಿ ನನಗೆ ಹೀಗೆ ಬರೆದಿದ್ದರೆ ನಾನು ಊಟ ಮುಗಿಸುತ್ತಲೇ ಉತ್ತರ ಕಳಿಸುತ್ತಿದ್ದೆ:

"ಎಕ್ಸೆಲ್ 2016. ಎರಡು ಶೀಟು. `Milk` ಶೀಟಿನಲ್ಲಿ A2ರಿಂದ A121ರವರೆಗೆ ಸದಸ್ಯ ಸಂಖ್ಯೆ, B ಯಲ್ಲಿ ಲೀಟರು. ಇದು ಯಂತ್ರದ ಫೈಲಿನಿಂದ ಬಂದದ್ದು, ಲೀಟರಿನ ಇಳಿಕೆಯ ಕ್ರಮದಲ್ಲಿ ಜೋಡಿಸಿದ್ದೇನೆ. `Members` ಶೀಟಿನಲ್ಲಿ A2ರಿಂದ A141ರವರೆಗೆ ಸದಸ್ಯ ಸಂಖ್ಯೆ, B ಯಲ್ಲಿ ಹೆಸರು, C ಯಲ್ಲಿ ಖಾತೆ. 112ರವರೆಗೆ ನಾನೇ ಟೈಪ್ ಮಾಡಿದ್ದು, 113ರಿಂದ ಪೇಸ್ಟ್ ಮಾಡಿದ್ದು. `Milk` ಶೀಟಿನ C60ರಲ್ಲಿರುವ ಫಾರ್ಮುಲಾ `=VLOOKUP(A60,Members!A60:C199,2,FALSE)`. A60ರಲ್ಲಿ 9 ಇದೆ. 9ನೆಯವರು `Members` ಶೀಟಿನ 10ನೇ ಸಾಲಿನಲ್ಲಿದ್ದಾರೆ, B10ರ ಹೆಸರು ಬರಬೇಕಿತ್ತು, `#N/A` ಬಂದಿದೆ. C2ರಲ್ಲಿ ಸರಿಯಾಗಿ ಬಂದಿದೆ."

ಇದರಲ್ಲಿ ಕಂಪ್ಯೂಟರ್ ಜ್ಞಾನವೇನೂ ಇಲ್ಲ, ನೋಡಿದ್ದನ್ನು ನೋಡಿದ ಹಾಗೆ ಬರೆದಿದೆ ಅಷ್ಟೇ. ಆದರೂ ಎರಡು ಕಳ್ಳರು ಇದರಲ್ಲೇ ಸಿಕ್ಕಿಬೀಳುತ್ತಾರೆ. ಫಾರ್ಮುಲಾ ಯಾವ ಸೆಲ್ಲಿನದು ಎಂದು ಹೇಳಿದ್ದರಿಂದ ಚೌಕ ಜಾರಿದ್ದು ಗೊತ್ತಾಯಿತು. C2ರ ಫಾರ್ಮುಲಾ ಕಳಿಸಿದ್ದರೆ ಅದು ನಿರಪರಾಧಿಯಂತೆ ಕಾಣುತ್ತಿತ್ತು. ಆದ್ದರಿಂದ ಉತ್ತರ ಬಾರದ ಸೆಲ್ಲಿನ ಫಾರ್ಮುಲಾವನ್ನೇ ಕಳಿಸಬೇಕು. ನೆನಪಿನಿಂದ ಟೈಪ್ ಮಾಡಿ ಕಳಿಸಬಾರದು, ನಕಲು ಮಾಡಿ ಅಂಟಿಸಬೇಕು. ಟೈಪ್ ಮಾಡುವಾಗ ನಮಗೆ ಗೊತ್ತಿಲ್ಲದೆ ನಾವೇ ತಪ್ಪನ್ನು ತಿದ್ದಿಬಿಡುತ್ತೇವೆ. ಮಾಹಿತಿ ಎಲ್ಲಿಂದ ಬಂತು ಎಂಬ ಮಾತನ್ನು ಜನ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ. ಪೇಸ್ಟ್ ಮಾಡಿದ್ದು ಎಂದ ಕೂಡಲೇ ಅನುಮಾನ ಯಾವ ಕಡೆ ತಿರುಗಬೇಕೆಂದು ಗೊತ್ತಾಗುತ್ತದೆ. ಸರಿ ಬಂದ ಒಂದು ಸಾಲು, ಬಾರದ ಒಂದು ಸಾಲು, ಎರಡನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಾನಾಗಿ ಎದ್ದು ಕಾಣುತ್ತದೆ. ಜತೆಗೆ ಆ ಎರಡು ಸೆಲ್ಲುಗಳಿಗೆ `ISNUMBER` ಮತ್ತು `LEN` ಏನು ಹೇಳುತ್ತವೆ ಎಂದೂ ಬರೆದರೆ, ಫೋನಿನ ಆಚೆ ಇರುವವರಿಗೆ ಶೀಟು ಕೈಯಲ್ಲೇ ಇದ್ದ ಹಾಗೆ.

ಫೋಟೋ ಕಳಿಸಲೇಬೇಕೆಂದರೆ ಕಾಲಂ ಅಕ್ಷರ, ಸಾಲಿನ ಸಂಖ್ಯೆ, ಫಾರ್ಮುಲಾ ಪಟ್ಟಿ ಮೂರೂ ಕಾಣುವಂತೆ ಕಳಿಸಿ. ಆದರೂ ಫೋಟೋದಲ್ಲಿ 113 ಸಂಖ್ಯೆಯೋ ಬರಹವೋ ಯಾರಿಗೂ ತಿಳಿಯುವುದಿಲ್ಲ. ಕಡತವನ್ನೇ ಕಳಿಸುವುದು ಸುಲಭ, ಆದರೆ ಅದರಲ್ಲಿ ಊರವರ ಖಾತೆ ಸಂಖ್ಯೆಗಳಿವೆ ಎಂಬುದು ನೆನಪಿರಲಿ. ಒಂದು ಪ್ರತಿ ತೆಗೆದು, ಹೆಸರು ಮತ್ತು ಖಾತೆಗಳನ್ನು ಬದಲಿಸಿ, ಹತ್ತು ಸಾಲು ಮಾತ್ರ ಉಳಿಸಿ ಕಳಿಸಬಹುದು. ಹುಡುಕುವ ಕಾಲಂ ಒಂದನ್ನು ಮಾತ್ರ ಮುಟ್ಟಬೇಡಿ. ಅದನ್ನು ಹೊಸದಾಗಿ ಟೈಪ್ ಮಾಡಿದರೆ ರೋಗವೇ ವಾಸಿಯಾಗಿಬಿಡುತ್ತದೆ, ನೋಡುವವರು "ನನ್ನ ಹತ್ತಿರ ಸರಿಯಾಗಿದೆಯಲ್ಲ" ಅನ್ನುತ್ತಾರೆ.

ಇನ್ನು 141. ಅದರಲ್ಲಿ ಸೊನ್ನೆ ಉದುರಿರಲಿಲ್ಲ, ಖಾಲಿ ಜಾಗ ಅಂಟಿರಲಿಲ್ಲ, ಚೌಕವೂ ಜಾರಿರಲಿಲ್ಲ. ಆ ವಾರವಷ್ಟೇ ಸೇರಿದ ಹೆಣ್ಣುಮಗಳೊಬ್ಬರು. ಯಂತ್ರದಲ್ಲಿ ಅವರ ಸಂಖ್ಯೆ ತೆರೆದಿದ್ದರು, ಹಾಲು ಅಳೆದಿದ್ದರು, `Members` ಶೀಟಿಗೆ ಹೆಸರು ಸೇರಿಸುವುದು ಮರೆತಿದ್ದರು. ಇಲ್ಲ ಎಂದು ಎಕ್ಸೆಲ್ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಸೆಕ್ರೆಟರಿ 142ನೇ ಸಾಲಿನಲ್ಲಿ ಅವರ ಹೆಸರನ್ನೂ ಖಾತೆಯನ್ನೂ ಬರೆದರು. "ಸಾರ್, ಇನ್ನೂ ಎನ್‌ಎ ಬರ್ತಿದೆ!" ಅಂದರು. ಬರಲೇಬೇಕು, ನಾವು ಡಾಲರ್ ಹಾಕಿ ಮೊಳೆ ಹೊಡೆದ ಚೌಕ 141ನೇ ಸಾಲಿಗೇ ಮುಗಿದಿತ್ತು. `$A$2:$C$141` ಇದ್ದಲ್ಲಿ `$A:$C` ಎಂದು ಬರೆಸಿದೆ, ಇಡೀ ಕಾಲಂಗಳು ಚೌಕದೊಳಗೆ ಬಂದವು, ಹೆಸರು ಬಂತು. ಗಂಟೆ ಹನ್ನೊಂದಾಗಲು ಹತ್ತು ನಿಮಿಷವಿತ್ತು. ಬೆಳಿಗ್ಗೆ ಬಟವಾಡೆಯ ಪಟ್ಟಿಯಲ್ಲಿ 120 ಹೆಸರುಗಳಿದ್ದವು.